ಬೆಳಗಿನ ಜಾವವೋ, ರಾತ್ರಿಯೋ? ನಿಮ್ಮ ನಿದ್ದೆ ನೋಡಿಕೊಂಡು ಓದಿನ ಟೈಮ್‌ಟೇಬಲ್ ಹಾಕುವುದು ಹೇಗೆ

ಸೆಕೆಂಡ್ ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ಜೂನ್ ತಿಂಗಳಿಗೇ ಒಂದು ಜಗ್ಗಾಟ ಶುರುವಾಗುತ್ತದೆ. ಅಮ್ಮ ನಾಲ್ಕೂವರೆಗೆ ಅಲಾರಂ ಇಡುತ್ತಾರೆ. ಮಗಳು "ರಾತ್ರಿ ಎಷ್ಟು ಹೊತ್ತಾದ್ರೂ ಓದ್ತೀನಿ, ಬೆಳಿಗ್ಗೆ ಮಾತ್ರ ಎಬ್ಬಿಸ್ಬೇಡ" ಅನ್ನುತ್ತಾಳೆ. ನಾನು ರಾಜಾಜಿನಗರದಲ್ಲಿ ಮನೆಯಲ್ಲೇ ಗಣಿತದ ಟ್ಯೂಷನ್ ಮಾಡುತ್ತೇನೆ. ಈ ದೂರು ನನ್ನ ಹತ್ತಿರ ಪ್ರತಿವರ್ಷ ಬರುತ್ತದೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ನೋಡದೇ ಬಿಟ್ಟ ಒಂದು ಸಂಗತಿ ಇರುತ್ತದೆ. ಯಾರೂ ಎಬ್ಬಿಸದಿದ್ದರೆ ಆ ಹುಡುಗಿ ತಾನಾಗಿ ಯಾವಾಗ ಮಲಗುತ್ತಾಳೆ, ಯಾವಾಗ ಏಳುತ್ತಾಳೆ? ಅದು ಗೊತ್ತಾಗುವ ತನಕ ಈ ವಾದ ಮುಗಿಯುವುದಿಲ್ಲ.

ಇಲ್ಲಿ ಬರೆದಿರುವುದು ಆ ಸಂಗತಿಯನ್ನು ಕಂಡುಹಿಡಿಯುವ ಕ್ರಮ, ಆಮೇಲೆ ಅದರ ಮೇಲೆ ಟೈಮ್‌ಟೇಬಲ್ ಕಟ್ಟುವ ಕ್ರಮ. ಉದಾಹರಣೆಗೆ ನನ್ನ ಅಕ್ಕನ ಮಗಳನ್ನೇ ತಗೊಂಡಿದ್ದೇನೆ. ಅವಳ ಮನೆ ನಂದಿನಿ ಲೇಔಟ್‌ನಲ್ಲಿ, ಕಾಲೇಜು ಮಲ್ಲೇಶ್ವರದಲ್ಲಿ. ಕಾಲೇಜು ಬೆಳಿಗ್ಗೆ 8.30ಕ್ಕೆ ಶುರು, 3.30ಕ್ಕೆ ಬಿಡುತ್ತದೆ. ಸೋಮವಾರದಿಂದ ಶನಿವಾರದವರೆಗೆ ತರಗತಿ. 7.40ಕ್ಕೆ ಮನೆ ಬಿಡಲೇಬೇಕು.

ಮೊದಲು ತಿಳಿದಿರಬೇಕಾದ್ದು

ನಮ್ಮ ಎಚ್ಚರವನ್ನು ಎರಡು ವಿಷಯ ನಡೆಸುತ್ತವೆ. ಒಂದು, ಎದ್ದ ಕ್ಷಣದಿಂದ ಮೆಲ್ಲಗೆ ಕೂಡುತ್ತಾ ಹೋಗುವ ನಿದ್ದೆಯ ಒತ್ತಡ. ಮಲಗಿದರೆ ಇಳಿಯುತ್ತದೆ. ಇನ್ನೊಂದು, ಮಿದುಳಿನಲ್ಲಿರುವ ದಿನದ ಗಡಿಯಾರ. ಅದು ಬೆಳಕನ್ನು ನೋಡಿ ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ನಿದ್ದೆಯನ್ನು ಈ ಎರಡರ ಲೆಕ್ಕದಲ್ಲಿ ವಿವರಿಸಿದವರು ಅಲೆಕ್ಸಾಂಡರ್ ಬೋರ್ಬೆಲಿ, 1982ರಲ್ಲಿ. ಇವತ್ತಿಗೂ ನಿದ್ದೆಯ ಅಧ್ಯಯನ ಇದೇ ಲೆಕ್ಕದ ಮೇಲೆ ನಡೆಯುತ್ತದೆ.

ಓದುವವರಿಗೆ ಈ ಗಡಿಯಾರದ ಎರಡು ಗುಣ ಗೊತ್ತಿದ್ದರೆ ಸಾಕು.

ಮೊದಲನೇದು. ನೀವು ಮಾಮೂಲಿಯಾಗಿ ಮಲಗುವ ಹೊತ್ತಿಗಿಂತ ಮುಂಚಿನ ಎರಡು ಮೂರು ಗಂಟೆಗಳಲ್ಲಿ ಗಡಿಯಾರ ನಿಮ್ಮನ್ನು ಬಲವಾಗಿ ಎಚ್ಚರ ಇಟ್ಟಿರುತ್ತದೆ. ಆಗ ಮಲಗಿದರೂ ನಿದ್ದೆ ಹತ್ತುವುದು ಕಷ್ಟ. ಹನ್ನೆರಡಕ್ಕೆ ಮಲಗಿ ರೂಢಿಯಾದವರು "ಇವತ್ತಿಂದ ಒಂಬತ್ತೂವರೆಗೆ ಮಲಗಿ ನಾಲ್ಕೂವರೆಗೆ ಏಳ್ತೀನಿ" ಅಂತ ಶುರು ಮಾಡಿದರೆ, ಹನ್ನೊಂದೂವರೆ ತನಕ ಫ್ಯಾನ್ ನೋಡುತ್ತಾ ಮಲಗಿರುತ್ತಾರೆ. ಅಲಾರಂ ಮಾತ್ರ ನಾಲ್ಕೂವರೆಗೇ ಹೊಡೆಯುತ್ತದೆ. ಸಿಕ್ಕಿದ್ದು ಐದು ಗಂಟೆ ನಿದ್ದೆ. ಇದು ಸೋಮಾರಿತನ ಅಲ್ಲ, ಮನಸ್ಸು ಗಟ್ಟಿ ಇಲ್ಲ ಅಂತಲೂ ಅಲ್ಲ.

ಎರಡನೇದು. ತಾನಾಗಿ ಏಳುವ ಹೊತ್ತಿಗಿಂತ ಸುಮಾರು ಎರಡು ಗಂಟೆ ಮುಂಚೆ ಮೈಯ ಬಿಸಿ ಅತಿ ಕಡಿಮೆ ಇರುತ್ತದೆ. ಎಚ್ಚರವೂ ಆಗ ತಳದಲ್ಲಿರುತ್ತದೆ. ತಾನಾಗಿ ಆರಕ್ಕೆ ಏಳುವವರಿಗೆ ಆ ತಳ ನಾಲ್ಕರ ಸುಮಾರಿಗೆ ಬರುತ್ತದೆ. ಹಾಗಾಗಿ ಐದಕ್ಕೆ ಎದ್ದರೂ ಅವರು ಏರುವ ದಾರಿಯಲ್ಲಿರುತ್ತಾರೆ. ತಾನಾಗಿ ಎಂಟೂವರೆಗೆ ಏಳುವವರಿಗೆ ಆ ತಳ ಬರುವುದೇ ಆರೂವರೆಗೆ. ಅವರನ್ನು ನಾಲ್ಕೂವರೆಗೆ ಎಬ್ಬಿಸಿ ಕೂರಿಸಿದರೆ ಕಣ್ಣು ಪುಸ್ತಕದ ಮೇಲಿರುತ್ತದೆ, ತಲೆ ಇನ್ನೂ ಇಳಿಯುತ್ತಲೇ ಇರುತ್ತದೆ.

ವಯಸ್ಸಿನ ವಿಷಯವನ್ನೂ ಹೇಳಬೇಕು. ಹದಿಹರೆಯ ಶುರುವಾದ ಮೇಲೆ ಈ ಗಡಿಯಾರ ವರ್ಷ ವರ್ಷ ತಡವಾಗುತ್ತಾ ಹೋಗುತ್ತದೆ. ಇಪ್ಪತ್ತರ ಸುಮಾರಿಗೆ ಅತಿ ತಡವಾಗಿದ್ದು ಆಮೇಲೆ ಮತ್ತೆ ಮುಂಚಿತವಾಗುತ್ತದೆ. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಅವರ ಜೊತೆಯವರು ತುಂಬಾ ಜನರ ನಿದ್ದೆಯ ವೇಳೆ ಕೂಡಿಹಾಕಿ 2004ರಲ್ಲಿ ಇದನ್ನು ತೋರಿಸಿದರು. ನಲವತ್ತೈದರ ಅಮ್ಮನಿಗೆ ಐದಕ್ಕೆ ಏಳುವುದು ಸುಲಭ, ಹದಿನೇಳರ ಮಗಳಿಗೆ ಕಷ್ಟ ಅಂದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಹಾಗಾದರೆ ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಅನ್ನುವ ಮಾತು ಸುಳ್ಳಾ? ಅಲ್ಲ. ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಇರುವ ಹೊತ್ತು ಅದು. ಬೆಂಗಳೂರಿನಲ್ಲಿ ಸೂರ್ಯ ಜೂನ್‌ನಲ್ಲಿ ಆರಕ್ಕೆ ಸ್ವಲ್ಪ ಮುಂಚೆ, ಜನವರಿಯಲ್ಲಿ ಆರೂಮುಕ್ಕಾಲರ ಸುಮಾರಿಗೆ ಹುಟ್ಟುತ್ತಾನೆ. ಅಂದರೆ ಆ ಮುಹೂರ್ತ ಜೂನ್‌ನಲ್ಲಿ ನಾಲ್ಕೂ ಕಾಲರಿಂದ, ಜನವರಿಯಲ್ಲಿ ಐದೂ ಹತ್ತರಿಂದ. ಆದರೆ ಈ ಮಾತು ಹುಟ್ಟಿದ ಕಾಲದಲ್ಲಿ ದೀಪ ಆರಿಸಿ ಎಂಟು ಒಂಬತ್ತಕ್ಕೆಲ್ಲ ಮಲಗುತ್ತಿದ್ದರು. ಹಾಗೆ ಮಲಗಿದವರು ಐದಕ್ಕೆ ಎದ್ದರೆ ಎಂಟು ಗಂಟೆ ನಿದ್ದೆ ಮುಗಿದಿರುತ್ತದೆ. ಹನ್ನೊಂದಕ್ಕೆ ಮಲಗುವ ಮನೆಯಲ್ಲಿ ಆ ಮಾತಿನ ಅರ್ಧವನ್ನು ಮಾತ್ರ ಹಿಡಿದರೆ ಕೆಲಸ ಮಾಡುವುದಿಲ್ಲ.

ಒಂದನೇ ಹೆಜ್ಜೆ: ನಿದ್ದೆಯ ನಡುಹೊತ್ತು ಕಂಡುಹಿಡಿಯಿರಿ

"ನಾನು ರಾತ್ರಿ ಓದುವವನು" ಅಂತ ಹೇಳಿಕೊಳ್ಳುವ ಎಷ್ಟೋ ಜನ ನಿಜವಾಗಿ ರಾತ್ರಿಯವರಲ್ಲ. ಮನೆಯಲ್ಲಿ ಟೀವಿ ಆರಿಸಿ ಎಲ್ಲರೂ ಮಲಗುವುದು ಹತ್ತೂವರೆಗೆ, ಅದಕ್ಕೇ ಆಮೇಲೆ ಕೂರುತ್ತಾರೆ ಅಷ್ಟೆ. ಆದ್ದರಿಂದ ಅನಿಸಿಕೆ ಬೇಡ, ಅಳತೆ ಬೇಕು.

ಇದಕ್ಕೆ ಸರಿಯಾದ ಕಾಲ ದಸರಾ ರಜೆ ಅಥವಾ ಬೇಸಿಗೆ ರಜೆ. ರಜೆಯ ಮೊದಲ ಮೂರು ನಾಲ್ಕು ದಿನ ಲೆಕ್ಕಕ್ಕೆ ತಗೋಬೇಡಿ. ಆ ದಿನಗಳಲ್ಲಿ ಮೈ ಹಳೇ ನಿದ್ದೆಯ ಸಾಲ ತೀರಿಸುತ್ತಿರುತ್ತದೆ, ಹತ್ತರವರೆಗೂ ಮಲಗಿಬಿಡುತ್ತೀರಿ. ಆಮೇಲಿನ ಒಂದು ವಾರ ಅಲಾರಂ ಇಡಬೇಡಿ. ಸಂಜೆ ನಾಲ್ಕರ ನಂತರ ಕಾಫಿ ಬೇಡ. ಕುಡಿದ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಏಳಕ್ಕೆ ಕುಡಿದ ಫಿಲ್ಟರ್ ಕಾಫಿ ಹನ್ನೆರಡಕ್ಕೂ ಅರ್ಧ ಲೋಟದಷ್ಟು ಕೆಲಸ ಮಾಡುತ್ತಿರುತ್ತದೆ. ನಿದ್ದೆ ಬಂದಾಗ ಫೋನ್ ಬದಿಗಿಟ್ಟು ಮಲಗಿ. ಬೆಳಿಗ್ಗೆ ಎದ್ದ ತಕ್ಷಣ ಎರಡು ವೇಳೆ ಬರೆದಿಡಿ: ಸುಮಾರು ಎಷ್ಟಕ್ಕೆ ನಿದ್ದೆ ಹತ್ತಿತು, ಎಷ್ಟಕ್ಕೆ ಎಚ್ಚರವಾಯಿತು.

ಈಗ ಎರಡರ ಸರಾಸರಿ ತೆಗೆದು, ಮಧ್ಯದ ಹೊತ್ತು ನೋಡಿ. ಅಕ್ಕನ ಮಗಳಿಗೆ ಬಂದದ್ದು ಹೀಗೆ: ನಿದ್ದೆ 12.15ಕ್ಕೆ, ಎಚ್ಚರ 8.45ಕ್ಕೆ. ಒಟ್ಟು ಎಂಟೂವರೆ ಗಂಟೆ. ಮಧ್ಯ 4.30.

ನಾನು ಮಕ್ಕಳಿಗೆ ಹೇಳುವ ಅಂದಾಜು ಇಷ್ಟು. ನಡುಹೊತ್ತು ಮೂರಕ್ಕಿಂತ ಮುಂಚೆ ಇದ್ದರೆ ಬೆಳಗಿನ ಕಡೆ ವಾಲಿದ್ದೀರಿ. ನಾಲ್ಕು ದಾಟಿದ್ದರೆ ರಾತ್ರಿಯ ಕಡೆ. ನಡುವೆ ಇದ್ದರೆ ಎರಡೂ ನಡೆಯುತ್ತದೆ, ಮನೆಯ ಅನುಕೂಲ ನೋಡಿ ತೀರ್ಮಾನಿಸಿ. ಇದು ಗೆರೆ ಕೊರೆದ ಹಾಗೆ ಅಲ್ಲ, ಹತ್ತಿಪ್ಪತ್ತು ನಿಮಿಷಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಇನ್ನೊಂದು ಸಾಕ್ಷಿ ಬೇಕೆನ್ನುವವರಿಗೆ ಹಾರ್ನ್ ಮತ್ತು ಓಸ್ಟ್‌ಬರ್ಗ್ 1976ರಲ್ಲಿ ಮಾಡಿದ 19 ಪ್ರಶ್ನೆಗಳ ಪಟ್ಟಿ ಇದೆ. ಅದರಲ್ಲಿ 16ರಿಂದ 86ರವರೆಗೆ ಅಂಕ ಬರುತ್ತದೆ. 59 ಅಥವಾ ಜಾಸ್ತಿ ಬಂದರೆ ಬೆಳಗಿನವರು, 41 ಅಥವಾ ಕಡಿಮೆ ಬಂದರೆ ರಾತ್ರಿಯವರು.

ರಜೆ ದೂರ ಇದ್ದರೆ ಭಾನುವಾರದ ನಿದ್ದೆಯಿಂದಲೂ ಅಂದಾಜು ಮಾಡಬಹುದು. ಆದರೆ ಭಾನುವಾರ ಸಾಲ ತೀರಿಸುವ ದಿನ. ಆದ್ದರಿಂದ ವಾರದ ಸರಾಸರಿಗಿಂತ ಭಾನುವಾರ ಎಷ್ಟು ಜಾಸ್ತಿ ಮಲಗಿದಿರಿ ನೋಡಿ, ಅದರ ಅರ್ಧವನ್ನು ಭಾನುವಾರದ ನಡುಹೊತ್ತಿನಿಂದ ಕಳೆಯಿರಿ. ವಾರದ ಸರಾಸರಿ ಆರೂವರೆ ಗಂಟೆ, ಭಾನುವಾರ ಒಂಬತ್ತು ಗಂಟೆ, ಭಾನುವಾರದ ನಡುಹೊತ್ತು 5.00 ಅಂತಿಟ್ಟುಕೊಳ್ಳಿ. ಜಾಸ್ತಿ ಮಲಗಿದ್ದು ಎರಡೂವರೆ ಗಂಟೆ. ಅದರ ಅರ್ಧ, ಅಂದರೆ ಒಂದೂಕಾಲು ಗಂಟೆ ಕಳೆದರೆ ನಿಜವಾದ ನಡುಹೊತ್ತು 3.45.

ಎರಡನೇ ಹೆಜ್ಜೆ: ಲೆಕ್ಕ ಮಾಡಿಸಿ ನೋಡಿ

ನಿದ್ದೆಯ ಹೊತ್ತು ಒಂದು ಸುಳಿವು ಮಾತ್ರ. ನಮಗೆ ಬೇಕಾದ್ದು ತಲೆ ಓಡುವ ಹೊತ್ತು. ಅದಕ್ಕೆ ಒಂದು ಸಣ್ಣ ಪರೀಕ್ಷೆ ಸಾಕು. ಒಂದೇ ಅಧ್ಯಾಯದಿಂದ, ಒಂದೇ ಮಟ್ಟದ ಹತ್ತು ಹತ್ತು ಲೆಕ್ಕಗಳ ಆರು ಗುಂಪು ಮಾಡಿಕೊಳ್ಳಿ. ಪ್ರತಿ ಗುಂಪಿಗೆ 40 ನಿಮಿಷ. ಮೂರು ಗುಂಪು ಬೆಳಿಗ್ಗೆ, ಮೂರು ರಾತ್ರಿ, ಒಂದು ದಿನ ಬಿಟ್ಟು ಒಂದು ದಿನ. ಅದೇ ಮೇಜು, ಕಾಫಿ ಇಲ್ಲ, ಫೋನ್ ಇನ್ನೊಂದು ಕೋಣೆಯಲ್ಲಿ. ಓದುವ ವಿಷಯ ಬೇಡ. ಓದುವಾಗ ಅರ್ಥವಾದ ಹಾಗೆ ಅನಿಸುವುದು ಸುಲಭ. ಲೆಕ್ಕ ಮೋಸ ಮಾಡುವುದಿಲ್ಲ.

ಒಂದು ಎಚ್ಚರಿಕೆ. ಎದ್ದ ತಕ್ಷಣ ಬರೆಯಲು ಕೂರಬೇಡಿ. ಎದ್ದ ಮೇಲೆ ಅರ್ಧ ಗಂಟೆಯಷ್ಟು ಹೊತ್ತು ಎಲ್ಲರಿಗೂ ಮಂಪರು ಇರುತ್ತದೆ, ಬೆಳಗಿನವರಿಗೂ ಇರುತ್ತದೆ. ಆ ಮಂಪರನ್ನೇ ನೋಡಿ "ನನಗೆ ಬೆಳಿಗ್ಗೆ ಆಗಲ್ಲ" ಅಂತ ತೀರ್ಮಾನಿಸಿದವರನ್ನು ನಾನು ತುಂಬಾ ನೋಡಿದ್ದೇನೆ. ಮುಖ ತೊಳೆದು, ಸ್ವಲ್ಪ ಓಡಾಡಿ, 45 ನಿಮಿಷ ಆದಮೇಲೆ ಕೂತುಕೊಳ್ಳಿ.

ಅಕ್ಕನ ಮಗಳು ಇಂಟಿಗ್ರೇಷನ್ ಲೆಕ್ಕ ತಗೊಂಡಳು. ಬೆಳಿಗ್ಗೆ 4.30ಕ್ಕೆ ಎದ್ದು 5.15ಕ್ಕೆ ಕೂತಾಗ ಹತ್ತರಲ್ಲಿ 4, 5, 4 ಸರಿ. ರಾತ್ರಿ 8.45ಕ್ಕೆ ಕೂತಾಗ 8, 7, 8. ಅಂಕಗಳಿಗಿಂತ ಜಾಸ್ತಿ ಹೇಳಿದ್ದು ಅವಳ ಹಾಳೆಗಳು. ಈ ಲೆಕ್ಕ ನೋಡಿ:

```
∫ x sin x dx = −x cos x + ∫ cos x dx
             = −x cos x + sin x + C
```

ಇಲ್ಲಿ ಎರಡು ಮೈನಸ್ ಸೇರಿ ಪ್ಲಸ್ ಆಗುವ ಒಂದು ಜಾಗ ಇದೆ. ರಾತ್ರಿಯ ಹಾಳೆಯಲ್ಲಿ ಅವಳು ಅದನ್ನು ದಾಟಿದ್ದಳು. ಬೆಳಗಿನ ಹಾಳೆಯಲ್ಲಿ ಎರಡನೇ ಮೈನಸ್ ಕಳೆದುಹೋಗಿ ಉತ್ತರ −x cos x − sin x ಆಗಿತ್ತು. ಅದೇ ರೀತಿಯ ಚಿಹ್ನೆ ತಪ್ಪು ಆ ಹಾಳೆಯಲ್ಲಿ ಮತ್ತೆ ಮತ್ತೆ ಬಂದಿತ್ತು. ಸೂತ್ರ ಗೊತ್ತಿತ್ತು, ವಿಧಾನ ಸರಿ ಇತ್ತು. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವಾಗ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ್ದು ಜಾರಿಹೋಗಿತ್ತು. ನಿದ್ದೆಗೆಟ್ಟ ತಲೆಯ ಗುರುತು ಇದೇ. ನಿಮ್ಮ ಹಾಳೆಯಲ್ಲೂ ಇದನ್ನೇ ಹುಡುಕಿ. ವಿಧಾನವೇ ಗೊತ್ತಿಲ್ಲದ ತಪ್ಪಾದರೆ ಅದು ಪಾಠದ ಕೊರತೆ, ವೇಳೆಯದ್ದಲ್ಲ.

"ಅವಳು ಸರಿಯಾಗಿ ಮಲಗಿರಲಿಲ್ಲ, ಅದಕ್ಕೆ ಬೆಳಿಗ್ಗೆ ಅಂಕ ಕಡಿಮೆ" ಅಂತ ಅಕ್ಕ ಹೇಳಿದಳು. ನಿಜ. ಒಂಬತ್ತೂಮುಕ್ಕಾಲಿಗೇ ಮಲಗಿಸಿದ್ದರೂ ಹನ್ನೊಂದು ದಾಟುವವರೆಗೆ ಅವಳಿಗೆ ನಿದ್ದೆ ಹತ್ತಿರಲಿಲ್ಲ. ಆದರೆ ಆ ನಷ್ಟವೂ ಅವಳ ಪಾಲಿಗೆ ಬೆಳಗಿನ ಜಾವದ ಬೆಲೆಯಲ್ಲಿ ಸೇರಿದ್ದೇ ಅಲ್ವಾ? ಆದರೂ ಎರಡನ್ನೂ ಬೇರೆ ಮಾಡಿ ನೋಡಲು ಇನ್ನೆರಡು ಗುಂಪು ಕೊಟ್ಟೆ. ಹನ್ನೊಂದಕ್ಕೆ ಮಲಗಿ 6.45ಕ್ಕೆ ಎದ್ದು, 7.30ಕ್ಕೆ ಕೂತಳು. ಬಂದದ್ದು 6, 7. ಅಂದರೆ ಬೆಳಗಿನ ಹೊತ್ತಿಗೆ ಅವಳಿಗೇನೂ ವೈರ ಇರಲಿಲ್ಲ. ಜಾವದ ಹೊತ್ತು ಮಾತ್ರ ಅವಳದ್ದಲ್ಲ.

ಇದೇ ರೀತಿ ರಾತ್ರಿಯ ತುದಿಯನ್ನೂ ಪರೀಕ್ಷಿಸಬೇಕು. ಒಂದು ದಿನ 12.15ಕ್ಕೆ ಕೂರಿಸಿದಾಗ 6 ಸರಿ ಬಂತು. ಅವಳಿಗೆ ಮಾತ್ರ ಚೆನ್ನಾಗಿ ಮಾಡಿದೆ ಅಂತಲೇ ಅನಿಸಿತ್ತು. ಮಧ್ಯರಾತ್ರಿಯ ಅಪಾಯ ಇದು. ಮನೆ ನಿಶ್ಶಬ್ದ, ಯಾರೂ ಕರೆಯುವುದಿಲ್ಲ, ಅದಕ್ಕೇ ಚೆನ್ನಾಗಿ ಓದುತ್ತಿದ್ದೇನೆ ಅನ್ನುವ ಭಾವನೆ ಬರುತ್ತದೆ. ನಿಶ್ಶಬ್ದ ಬೇರೆ, ಚುರುಕುತನ ಬೇರೆ.

ಮೂರನೇ ಹೆಜ್ಜೆ: ಮೊದಲು ನಿದ್ದೆಯ ಚೌಕ, ಆಮೇಲೆ ಓದು

ಸಾಮಾನ್ಯವಾಗಿ ಎಲ್ಲರೂ ಓದಿನ ಗಂಟೆಗಳನ್ನು ಮೊದಲು ಬರೆದು, ಉಳಿದದ್ದನ್ನು ನಿದ್ದೆಗೆ ಕೊಡುತ್ತಾರೆ. ಉಲ್ಟಾ ಮಾಡಿ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ನಿದ್ದೆಯ ವೈದ್ಯರು ಹೇಳುವುದು ಎಂಟರಿಂದ ಹತ್ತು ಗಂಟೆ. ದೊಡ್ಡವರಿಗೆ ಕನಿಷ್ಠ ಏಳು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸ ನಿದ್ದೆಯಲ್ಲೇ ನಡೆಯುತ್ತದೆ. ಹಾಗಾಗಿ ನಿದ್ದೆ ಕತ್ತರಿಸಿ ಸೇರಿಸಿದ ಗಂಟೆಗೆ ಅರ್ಧ ಬೆಲೆಯೂ ಬರುವುದಿಲ್ಲ.

ಮನೆ ಬಿಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. 7.40ಕ್ಕೆ ಹೊರಡಬೇಕು. ಸ್ನಾನ, ತಿಂಡಿ, ಡಬ್ಬಿ ಎಲ್ಲಾ ಸೇರಿ 55 ನಿಮಿಷ. ಅಂದರೆ 6.45ಕ್ಕೆ ಎದ್ದರೆ ಸಾಕು. ಎಂಟು ಗಂಟೆ ಬೇಕಾದರೆ 10.45ಕ್ಕೆ ನಿದ್ದೆ. ಅವಳಿಗೆ 11.00ಕ್ಕಿಂತ ಮುಂಚೆ ಆಗಲ್ಲ ಅಂತ ಗೊತ್ತಿತ್ತು, ಹಾಗಾಗಿ 11.00ರಿಂದ 6.45. ಏಳೂಮುಕ್ಕಾಲು ಗಂಟೆ. ಸ್ವಲ್ಪ ಕಡಿಮೆಯೇ. ಆ ಕಾಲು ಗಂಟೆಯನ್ನು ಸಂಜೆಯ ಸಣ್ಣ ನಿದ್ದೆ ತುಂಬುತ್ತದೆ.

ಇಲ್ಲಿಗೆ ಒಂದು ಮುಖ್ಯ ಸಂಗತಿ ಹೊರಬೀಳುತ್ತದೆ. ಅವಳು ರಾತ್ರಿಯವಳು ಅಂತ ಅಳತೆ ಹೇಳಿತು, ನಿಜ. ಆದರೆ ಬೆಂಗಳೂರಿನಲ್ಲಿ 8.30ಕ್ಕೆ ಕಾಲೇಜು ಇರುವವರು ರಾತ್ರಿ ಒಂದು ಗಂಟೆಯವರೆಗೆ ಓದಿದರೆ ಲೆಕ್ಕ ಕೂಡುವುದೇ ಇಲ್ಲ. ರಾತ್ರಿಯವರಿಗೂ ಸಿಗುವ ಒಳ್ಳೇ ಹೊತ್ತು ಸಂಜೆ ಆರೂವರೆಯಿಂದ ಹತ್ತು. ಹಾಗಾಗಿ ನಿಜವಾದ ಕೆಲಸ ಮಧ್ಯರಾತ್ರಿಗೆ ಜಾಗ ಮಾಡುವುದಲ್ಲ, ಸಂಜೆಯ ಮೂರೂವರೆ ಗಂಟೆಯನ್ನು ಬೇರೆಲ್ಲದರಿಂದ ಬಿಡಿಸಿಕೊಳ್ಳುವುದು. ಹೆಚ್ಚಿನ ಮನೆಗಳಲ್ಲಿ ಆ ಹೊತ್ತಿಗೇ ಟೀವಿ, ನೆಂಟರು, ಅಂಗಡಿಗೆ ಹೋಗಿಬರುವುದು, ಎಲ್ಲಾ ಇರುತ್ತದೆ. ಅಕ್ಕನ ಮನೆಯಲ್ಲಿ ಅಜ್ಜಿಯ ಧಾರಾವಾಹಿ ಏಳಕ್ಕೆ ಶುರು. ಅಜ್ಜಿಗೆ ಇಯರ್‌ಫೋನ್ ಹಾಕಿಕೊಳ್ಳುವುದನ್ನು ಮೊಮ್ಮಗಳೇ ಹೇಳಿಕೊಟ್ಟಳು. ಟೈಮ್‌ಟೇಬಲ್ ಬದಲಾಯಿಸಿದ್ದಕ್ಕಿಂತ ಅದರಿಂದಲೇ ಜಾಸ್ತಿ ಉಪಕಾರ ಆಯಿತು.

ಮನೆಯಲ್ಲಿ ಜಾಗವೇ ಇಲ್ಲದವರು ಹತ್ತಿರದ ಗ್ರಂಥಾಲಯ ನೋಡಿ. ವಿಜಯನಗರದ ಸುತ್ತ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರಿಗಾಗಿ ದುಡ್ಡು ಕೊಟ್ಟು ಕೂರುವ ರೀಡಿಂಗ್ ರೂಮ್‌ಗಳು ತುಂಬಾ ಇವೆ. ಆದರೆ ಅಲ್ಲಿಯ ಗೆಳೆಯರು ಎರಡರವರೆಗೆ ಕೂರುತ್ತಾರೆ ಅಂತ ನೀವೂ ಕೂರಬೇಡಿ. ಅವರಿಗೆ ಬೆಳಿಗ್ಗೆ ಕಾಲೇಜು ಇಲ್ಲ.

ನಾಲ್ಕನೇ ಹೆಜ್ಜೆ: ಯಾವ ಹೊತ್ತಿಗೆ ಯಾವ ವಿಷಯ

ಅವಳ ದಿನ ಕೊನೆಗೆ ಹೀಗೆ ನಿಂತಿತು. 4.15ಕ್ಕೆ ಮನೆ ಸೇರುತ್ತಾಳೆ. ತಿಂಡಿ ತಿಂದು ಇಪ್ಪತ್ತು ನಿಮಿಷ ಮಲಗುತ್ತಾಳೆ, ಅಲಾರಂ ಇಟ್ಟು. ಇಪ್ಪತ್ತು ದಾಟಿ ಗಂಟೆಯಾದರೆ ಎದ್ದಮೇಲೆ ತಲೆ ಭಾರ, ರಾತ್ರಿ ನಿದ್ದೆಯೂ ಹತ್ತುವುದಿಲ್ಲ. ಐದೂವರೆಯ ನಂತರವಂತೂ ಮಲಗಬಾರದು.

5.15ರಿಂದ 6.15 ಹಗುರವಾದ ಕೆಲಸ: ಲ್ಯಾಬ್ ರೆಕಾರ್ಡ್, ಜೀವಶಾಸ್ತ್ರದ ಚಿತ್ರಗಳು, ಅವತ್ತಿನ ನೋಟ್ಸ್ ಪೂರ್ತಿ ಮಾಡುವುದು. ತಪ್ಪಾದರೂ ನಷ್ಟ ಇಲ್ಲದ ಕೆಲಸಗಳು ಇವು. 6.30ರಿಂದ 8.00 ಗಣಿತ ಅಥವಾ ಭೌತಶಾಸ್ತ್ರದ ಲೆಕ್ಕ, ಒಂದು ದಿನ ಅದು, ಒಂದು ದಿನ ಇದು. ಎಂಟಕ್ಕೆ ಊಟ. 8.40ರಿಂದ 9.50 ಹೊಸ ಪಾಠ, ಹೆಚ್ಚಾಗಿ ರಸಾಯನಶಾಸ್ತ್ರ. ಆಮೇಲೆ ಹತ್ತೂಕಾಲರವರೆಗೆ ಪುಸ್ತಕ ಮುಚ್ಚಿ, ಅವತ್ತು ಓದಿದ್ದನ್ನು ಒಂದು ಹಾಳೆಯಲ್ಲಿ ನೆನಪಿನಿಂದ ಬರೆಯುವುದು. ಹತ್ತೂವರೆಗೆ ಫೋನ್ ಅಮ್ಮನ ಕೋಣೆಗೆ.

ಹೊಸ ಲೆಕ್ಕವನ್ನು ಕೊನೆಯ ಗಂಟೆಗೆ ಇಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬಿಡಿಸಲಾಗದ ಒಂದು ಲೆಕ್ಕ ಹಾಸಿಗೆಗೂ ಬಂದುಬಿಡುತ್ತದೆ, ಹನ್ನೊಂದು ಹನ್ನೆರಡಾಗುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಅವಳು ಹಿಂದಿನ ರಾತ್ರಿಯ ಹಾಳೆ ತೆಗೆದು, ಏನೇನು ಬಿಟ್ಟುಹೋಯಿತು ನೋಡುತ್ತಾಳೆ. ಸೀಟು ಸಿಕ್ಕರೆ.

ಬೆಳಗಿನವರಿಗೆ ಇದೇ ಚೌಕ ಹಿಂದಕ್ಕೆ ಸರಿಯುತ್ತದೆ. ನನ್ನ ಹತ್ತಿರ ಬರುವ ಒಬ್ಬ ಹುಡುಗನ ನಡುಹೊತ್ತು 2.00. ಅವನು 9.45ಕ್ಕೆ ಮಲಗಿ 5.30ಕ್ಕೆ ಏಳುತ್ತಾನೆ. 6.05ರಿಂದ 7.20ರವರೆಗೆ ಲೆಕ್ಕ. ಅಷ್ಟರಲ್ಲಿ ಪಕ್ಕದ ಮನೆಯ ಮಿಕ್ಸಿ, ಸಂಪ್‌ನ ಮೋಟಾರು ಎಲ್ಲಾ ಶುರುವಾಗುತ್ತದೆ, ಆದರೂ ಅವನಿಗೆ ನಡೆಯುತ್ತದೆ. ರಾತ್ರಿ ಎಂಟರ ಮೇಲೆ ಅವನಿಗೆ ಹೊಸದೇನೂ ಕೊಡಬಾರದು. ಅವನಿಗೆ ತೊಂದರೆ ಬಂದದ್ದು ಗೆಳೆಯರ ರಾತ್ರಿ ಗ್ರೂಪ್ ಸ್ಟಡಿಯಿಂದ. ಅದನ್ನು ಶನಿವಾರ ಸಂಜೆ ಐದಕ್ಕೆ ಬದಲಾಯಿಸಿಕೊಂಡರು.

ಐದನೇ ಹೆಜ್ಜೆ: ಗಡಿಯಾರವನ್ನು ಸ್ವಲ್ಪ ಮುಂಚಿತ ಮಾಡುವುದು

ಅವಳು ತಾನಾಗಿ ಮಲಗುತ್ತಿದ್ದದ್ದು 12.15ಕ್ಕೆ. ಹನ್ನೊಂದಕ್ಕೆ ನಿದ್ದೆ ಹತ್ತಬೇಕಾದರೆ ಗಡಿಯಾರ 75 ನಿಮಿಷ ಮುಂಚಿತವಾಗಬೇಕು. ಇದನ್ನು ಒಂದೇ ರಾತ್ರಿಯಲ್ಲಿ ಮಾಡಲು ಆಗುವುದಿಲ್ಲ. ಮೂರು ದಿನಕ್ಕೊಮ್ಮೆ 15 ನಿಮಿಷ ಸರಿಸಿ. ಎರಡು ವಾರಕ್ಕೆ ಮುಗಿಯುತ್ತದೆ. ಸರಿಸುವಾಗ ಏಳುವ ಹೊತ್ತನ್ನು ಹಿಡಿಯಿರಿ, ಮಲಗುವ ಹೊತ್ತು ತಾನಾಗಿ ಹಿಂದೆ ಬರುತ್ತದೆ.

ಗಡಿಯಾರವನ್ನು ಸರಿಸುವ ಮುಖ್ಯ ಸಾಧನ ಬೆಳಕು. ತಾನಾಗಿ ಏಳುವ ಹೊತ್ತಿನ ಆಸುಪಾಸು ಮತ್ತು ಆಮೇಲೆ ಸಿಗುವ ಬೆಳಕು ಗಡಿಯಾರವನ್ನು ಮುಂಚಿತ ಮಾಡುತ್ತದೆ. ಮಲಗುವ ಮುಂಚಿನ ಬೆಳಕು ತಡ ಮಾಡುತ್ತದೆ. ಇಲ್ಲೇ ಒಂದು ಹಳ್ಳ ಇದೆ. ನಾನು ಮೇಲೆ ಹೇಳಿದ ತಳದ ಹೊತ್ತಿಗಿಂತ ಮುಂಚೆ ಜೋರು ಬೆಳಕು ಬಿದ್ದರೆ ಗಡಿಯಾರ ಇನ್ನೂ ತಡವಾಗುತ್ತದೆ. ಅವಳ ತಳ ಆರೂವರೆಯ ಸುಮಾರಿಗೆ. ನಾಲ್ಕೂವರೆಗೆ ಎಬ್ಬಿಸಿ ಟ್ಯೂಬ್‌ಲೈಟ್ ಕೆಳಗೆ ಕೂರಿಸಿದರೆ, ಮೈ ಅದನ್ನು ಸಂಜೆಯ ಬೆಳಕು ಅಂತಲೇ ತಿಳಿಯುತ್ತದೆ. ಎಷ್ಟು ದಿನ ಬೇಗ ಎದ್ದರೂ ಕೆಲವರಿಗೆ ರೂಢಿಯೇ ಆಗದಿರುವುದಕ್ಕೆ ಇದೂ ಒಂದು ಕಾರಣ.

6.45ಕ್ಕೆ ಎದ್ದವರು ಹತ್ತು ಹದಿನೈದು ನಿಮಿಷ ತಾರಸಿಗೆ ಹೋಗಿ. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ಸಿಗುವುದು ನೂರಿನ್ನೂರು ಲಕ್ಸ್ ಬೆಳಕು. ಮೋಡ ಕವಿದ ಜುಲೈ ಬೆಳಿಗ್ಗೆಯೂ ಹೊರಗೆ ಸಾವಿರಗಳ ಲೆಕ್ಕದಲ್ಲಿರುತ್ತದೆ. ಜನವರಿಯಲ್ಲಿ ಮಾತ್ರ ಆ ಹೊತ್ತಿಗೆ ಸೂರ್ಯ ಆಗಷ್ಟೇ ಬಂದಿರುತ್ತಾನೆ. ಆಗ ಬಸ್ ಸ್ಟಾಪಿಗೆ ನಡೆದುಹೋಗುವ ಹೊತ್ತನ್ನು ಲೆಕ್ಕಕ್ಕೆ ತಗೊಳ್ಳಿ. ರಾತ್ರಿ ಒಂಬತ್ತೂವರೆಯ ನಂತರ ದೊಡ್ಡ ದೀಪ ಆರಿಸಿ, ಮೇಜಿನ ದೀಪ ಇಟ್ಟುಕೊಳ್ಳಿ.

ಇದೆಲ್ಲವನ್ನೂ ಕೆಡಿಸುವುದು ಭಾನುವಾರ. ಶನಿವಾರ ರಾತ್ರಿ ಒಂದಕ್ಕೆ ಮಲಗಿ ಭಾನುವಾರ ಹತ್ತಕ್ಕೆ ಎದ್ದರೆ ವಾರವೆಲ್ಲ ಸರಿಸಿದ್ದು ಹಿಂದೆ ಹೋಗುತ್ತದೆ, ಭಾನುವಾರ ರಾತ್ರಿ ನಿದ್ದೆ ಹತ್ತುವುದಿಲ್ಲ. ಭಾನುವಾರ ಒಂದು ಗಂಟೆ ಜಾಸ್ತಿ ಮಲಗಿ, ಅಷ್ಟು ಸಾಕು.

ಸರಿಹೋಗುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಮೂರು ಗುರುತು ನೋಡಿ. ಮಲಗಿ ಇಪ್ಪತ್ತು ಮೂವತ್ತು ನಿಮಿಷದೊಳಗೆ ನಿದ್ದೆ ಹತ್ತಬೇಕು. ಕಾಲೇಜಿನ ಮೊದಲ ಪೀರಿಯಡ್‌ನಲ್ಲಿ ತೂಕಡಿಕೆ ಬರಬಾರದು. ಭಾನುವಾರ ತಾನಾಗಿ ಏಳುವ ಹೊತ್ತು ವಾರದ ಹೊತ್ತಿಗೆ ಹತ್ತಿರವಾಗುತ್ತಾ ಬರಬೇಕು. ಮೂರು ವಾರವಾದರೂ ಇದ್ಯಾವುದೂ ಆಗದೆ, ರಾತ್ರಿ ಎರಡು ಮೂರರವರೆಗೆ ನಿದ್ದೆಯೇ ಬರದಿದ್ದರೆ, ಅಥವಾ ಎಂಟು ಗಂಟೆ ಮಲಗಿದರೂ ಹಗಲೆಲ್ಲ ನಿದ್ದೆ ಎಳೆಯುತ್ತಿದ್ದರೆ ವೈದ್ಯರನ್ನು ನೋಡಿ. ಅದು ಟೈಮ್‌ಟೇಬಲ್‌ನಿಂದ ಸರಿಯಾಗುವ ವಿಷಯ ಅಲ್ಲ.

ಪರೀಕ್ಷೆ ಹತ್ತಿರ ಬಂದಾಗ

ಪರೀಕ್ಷೆ ನಿಮ್ಮ ಹೊತ್ತು ನೋಡಿ ಬರುವುದಿಲ್ಲ. ಪಿಯು ಪರೀಕ್ಷೆ ಬೆಳಿಗ್ಗೆ ಹತ್ತರ ಸುಮಾರಿಗೆ ಶುರು. ಕೆಸಿಇಟಿ ಬೆಳಿಗ್ಗೆ 10.30ಕ್ಕೆ ಒಂದು ಪತ್ರಿಕೆ, ಮಧ್ಯಾಹ್ನ 2.30ಕ್ಕೆ ಇನ್ನೊಂದು. ನೀಟ್ ಮಧ್ಯಾಹ್ನ 2ಕ್ಕೆ.

ಹತ್ತು ಗಂಟೆಯ ಪರೀಕ್ಷೆಗೆ ರಾತ್ರಿಯವರು ಹೆದರಬೇಕಾಗಿಲ್ಲ. 6.45ಕ್ಕೆ ಏಳುವುದು ರೂಢಿಯಾಗಿದ್ದರೆ ಹತ್ತರ ಹೊತ್ತಿಗೆ ಮೂರು ಗಂಟೆ ಕಳೆದಿರುತ್ತದೆ. ಹೆದರಬೇಕಾದ್ದು ಸ್ಟಡಿ ಹಾಲಿಡೇಸ್‌ಗೆ. ಕಾಲೇಜು ಇಲ್ಲ ಅಂದ ಕೂಡಲೇ ರಾತ್ರಿಯವರ ಗಡಿಯಾರ ಎರಡು ಮೂರು ದಿನಕ್ಕೇ ತಡವಾಗಲು ಶುರು. ಎರಡಕ್ಕೆ ಮಲಗಿ ಹತ್ತಕ್ಕೆ ಏಳುವವರ ತಲೆ ಪರೀಕ್ಷೆಯ ಹೊತ್ತಿಗೆ ಹಾಸಿಗೆಯಲ್ಲೇ ಇರುತ್ತದೆ. ಆದ್ದರಿಂದ ಸ್ಟಡಿ ಹಾಲಿಡೇಸ್‌ನಲ್ಲೂ 6.45ನ್ನು ಬಿಡಬೇಡಿ. ಎರಡು ದಿನಕ್ಕೊಮ್ಮೆ ಹತ್ತಕ್ಕೆ ಕೂತು ಒಂದು ಹಳೇ ಪ್ರಶ್ನೆಪತ್ರಿಕೆ ಪೂರ್ತಿ ಬರೆಯಿರಿ.

ಮಧ್ಯಾಹ್ನದ ಪರೀಕ್ಷೆ ಎರಡೂ ಗುಂಪಿಗೆ ಕಷ್ಟ. ಒಂದೂವರೆಯಿಂದ ಮೂರೂವರೆಯವರೆಗೆ ಎಲ್ಲರ ಎಚ್ಚರವೂ ಸ್ವಲ್ಪ ಇಳಿಯುತ್ತದೆ, ಊಟ ಮಾಡದಿದ್ದರೂ ಇಳಿಯುತ್ತದೆ. ಹೊಟ್ಟೆ ತುಂಬ ಅನ್ನ ಸಾರು ಉಂಡರೆ ಇನ್ನೂ ಜಾಸ್ತಿ. ನೀಟ್ ಬರೆಯುವವರು ಕೊನೆಯ ಮೂರು ವಾರ ಅಭ್ಯಾಸ ಪರೀಕ್ಷೆಗಳನ್ನು ಎರಡಕ್ಕೇ ಶುರು ಮಾಡಿ. ನೀಟ್ ದಿನ ಪರೀಕ್ಷೆಗೆ ಸಾಕಷ್ಟು ಮುಂಚೆಯೇ ಪರೀಕ್ಷಾ ಕೇಂದ್ರ ಸೇರಬೇಕಾಗುವುದರಿಂದ, ಅಭ್ಯಾಸದ ದಿನಗಳಲ್ಲೂ ಊಟವನ್ನು ಹನ್ನೊಂದರ ಆಸುಪಾಸಿಗೆ ತನ್ನಿ, ಎರಡು ಇಡ್ಲಿಯೋ ಸ್ವಲ್ಪ ಮೊಸರನ್ನವೋ ಸಾಕು. ಪ್ರತಿ ಅಭ್ಯಾಸ ಪರೀಕ್ಷೆಯಲ್ಲೂ ಒಂದೊಂದು ಗಂಟೆಯ ತಪ್ಪುಗಳನ್ನು ಬೇರೆ ಬೇರೆ ಎಣಿಸಿ. ಮೊದಲ ಗಂಟೆಯಲ್ಲೇ ಗೊತ್ತಿರುವ ಪ್ರಶ್ನೆಗಳು ಜಾಸ್ತಿ ತಪ್ಪುತ್ತಿದ್ದರೆ, ನಿಮಗೆ ಅತಿ ಸುಲಭ ಅನಿಸುವ ವಿಭಾಗದಿಂದ ಶುರು ಮಾಡಿ. ಲೆಕ್ಕದ ಭಾಗವನ್ನು ಮೂರೂವರೆಯ ಆಚೆಗೆ ಇಟ್ಟುಕೊಳ್ಳಿ.